ಹನ್ನೆರಡು ಪುಟದ ಪೇಪರ್, ಒಂದು ಪುಟದ ಟೇಬಲ್, ಒಂಬತ್ತು ದಿನ

ನಿನ್ನೆ ಬೆಳಿಗ್ಗೆ ನನ್ನ ಜರ್ನಲ್ ಕ್ಲಬ್ ಮುಗಿಯಿತು. ನಾನು ಮೆಡಿಸಿನ್ ಪಿಜಿ, ಎರಡನೇ ವರ್ಷ. ನಮ್ಮ ವಿಭಾಗದಲ್ಲಿ ಈ ವರ್ಷದಿಂದ ಹೊಸ ನಿಯಮ ಬಂದಿದೆ: ಪಿಪಿಟಿ ಬೇಡ, ಸ್ಲೈಡ್ ಬೇಡ, ಒಂದು ಸಂಶೋಧನಾ ಪೇಪರನ್ನು ಎಷ್ಟು ನಂಬಬಹುದು ಅಂತ ಒರೆಹಚ್ಚುವ ಕ್ರಿಟಿಕಲ್ ಅಪ್ರೈಸಲ್ ಟೇಬಲ್ ಅನ್ನು ಒಂದು ಎ4 ಹಾಳೆಯಲ್ಲಿ ಮಾಡಿ ಎಲ್ಲರಿಗೂ ಹಂಚಬೇಕು, ಅದನ್ನೇ ಹಿಡಿದು ಮಾತಾಡಬೇಕು. ನೋಟಿಸ್ ಓದಿದಾಗ ನನಗೆ ಖುಷಿಯೇ ಆಗಿತ್ತು. ಒಂದು ಪುಟ ತಾನೇ, ಒಂದು ರಾತ್ರಿ ಕೂತರೆ ಮುಗೀತು ಅಂದುಕೊಂಡೆ. ಒಂಬತ್ತು ದಿನ ಹಿಡಿಯಿತು, ಆರು ಸಲ ಪ್ರಿಂಟ್ ತೆಗೆಸಿದೆ, ಎರಡು ಸಲ ಅಳು ಬಂತು. ಮುಂದಿನ ತಿಂಗಳು ಸರದಿ ಬರೋರು ನಾನು ಬಿದ್ದ ಗುಂಡಿಗೇ ಬೀಳಬಾರದು ಅಂತ ಇದನ್ನು ಬರೀತಾ ಇದ್ದೇನೆ.

ನನಗೆ ಸಿಕ್ಕ ಪೇಪರ್ ಪ್ಯಾರಡೈಮ್-ಎಚ್‌ಎಫ್. 2014ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದಿದ್ದು. ಹಾರ್ಟ್ ಫೇಲ್ಯೂರ್ ಇರುವವರಿಗೆ ಹಳೆಯ ಎನಲಾಪ್ರಿಲ್ ಒಳ್ಳೆಯದೋ, ಹೊಸ ಸ್ಯಾಕ್ಯುಬಿಟ್ರಿಲ್-ವಲ್ಸಾರ್ಟನ್ ಒಳ್ಳೆಯದೋ ಅಂತ ನೋಡಿದ ಟ್ರಯಲ್. ನಮ್ಮ ವಾರ್ಡಿನಲ್ಲಿ ಈಗ ದಿನಾ ಬರೆಯುವ ಮಾತ್ರೆ ಅದು. ಹಾಗಾಗಿ ಪೇಪರ್ ನನಗೆ ಗೊತ್ತಿದ್ದ ಹಾಗೆಯೇ ಅನ್ನಿಸಿತ್ತು. ಅದೇ ಮೊದಲ ತಪ್ಪು.

ಮೊದಲು ಕಾಗದಪತ್ರದ ವಿಷಯ. ಪೇಪರ್‌ಗೆ ದುಡ್ಡು ಕೊಡಬೇಕಾಗಿಲ್ಲ. ಆರು ತಿಂಗಳಿಗಿಂತ ಹಳೆಯ ಸಂಶೋಧನಾ ಲೇಖನಗಳನ್ನು ಆ ಜರ್ನಲ್‌ನವರು ಸುಮ್ನೆ ಒಂದು ಖಾತೆ ತೆರೆದರೆ ಓದೋಕೆ ಕೊಡುತ್ತಾರೆ. ನಾನು ಹನ್ನೆರಡು ಪುಟದ ಪಿಡಿಎಫ್ ಇಳಿಸಿಕೊಂಡು ಅಷ್ಟೇ ಸಾಕು ಅಂತ ಕೂತುಬಿಟ್ಟೆ. ಅದೇ ಪುಟದಲ್ಲಿ ಇನ್ನೆರಡು ಫೈಲ್ ಇರುತ್ತವೆ, ಒಂದು ಪ್ರೋಟೋಕಾಲ್, ಇನ್ನೊಂದು ಸಪ್ಲಿಮೆಂಟರಿ ಅಪೆಂಡಿಕ್ಸ್. ಅವನ್ನೂ ಮೊದಲ ದಿನವೇ ಇಳಿಸಿಕೊಳ್ಳಿ. ಪ್ರೋಟೋಕಾಲ್ ತುಂಬ ದಪ್ಪ, ಪೂರ್ತಿ ಓದೋಕೆ ಹೋಗಬೇಡಿ. ಆದರೆ ಪ್ರೈಮರಿ ಔಟ್‌ಕಮ್ ಟ್ರಯಲ್ ಶುರುವಾಗುವ ಮೊದಲೇ ತೀರ್ಮಾನ ಆಗಿತ್ತೋ ಅಥವಾ ಆಮೇಲೆ ಬದಲಾಯಿತೋ ಅಂತ ಗೊತ್ತಾಗಬೇಕಾದರೆ ಅಲ್ಲಿಗೇ ಹೋಗಬೇಕು. ಟ್ರಯಲ್ ನೋಂದಣಿ ಸಂಖ್ಯೆ NCT01035255. ಇದನ್ನು ClinicalTrials.gov ಸೈಟಿನಲ್ಲಿ ಹಾಕಿದರೆ ಅಲ್ಲಿ ಮೊದಲು ಏನು ಬರೆದಿದ್ದರು ಅಂತಲೂ ಸಿಗುತ್ತದೆ. ನಾನು ಇದನ್ನೆಲ್ಲ ನಾಲ್ಕನೇ ದಿನ ಮಾಡಿದೆ, ಆಸ್ಪತ್ರೆಯ ವೈಫೈನಲ್ಲಿ ಡೌನ್‌ಲೋಡ್ ಮೂರು ಸಲ ಅರ್ಧಕ್ಕೇ ನಿಂತು, ಕೊನೆಗೆ ರೂಮ್‌ಮೇಟ್ ಮೊಬೈಲಿನ ಹಾಟ್‌ಸ್ಪಾಟ್ ಹಿಡಿದುಕೊಂಡು.

ಮೊದಲ ಡ್ರಾಫ್ಟ್ ಎರಡೇ ಗಂಟೆಯಲ್ಲಿ ಆಯಿತು. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ರೋಗಿಗಳು ಯಾರು, ಔಷಧಿ ಏನು, ಹೋಲಿಕೆ ಯಾವುದರ ಜೊತೆ, ಡಬಲ್ ಬ್ಲೈಂಡ್ ಹೌದು, ರ‍್ಯಾಂಡಮೈಸೇಶನ್ ಹೌದು, ಇಂಟೆನ್ಶನ್ ಟು ಟ್ರೀಟ್ ಹೌದು. ಹೌದು, ಹೌದು, ಹೌದು. ಬಹುಪಾಲು ಅಬ್‌ಸ್ಟ್ರಾಕ್ಟ್‌ನಿಂದಲೇ ಎತ್ತಿದ್ದು. ಪ್ರಿಂಟ್ ತೆಗೆಸಿ ಗೈಡ್ ಸರ್ ಹತ್ತಿರ ಹೋದೆ. ಒಪಿಡಿ ದಿನ. ಅವರ ರೂಮಿನ ಹೊರಗೆ ಬೆಂಚಿನ ಮೇಲೆ ಎರಡೂವರೆ ಗಂಟೆ ಕೂತೆ, ಮಧ್ಯೆ ಎರಡು ಸಲ ವಾರ್ಡಿನಿಂದ ಫೋನ್. ಒಳಗೆ ಹೋದ ಮೇಲೆ ಸರ್ ಹಾಳೆಯನ್ನು ಒಂದು ನಿಮಿಷ ಕೂಡ ನೋಡಲಿಲ್ಲ.

"ಇದು ಸಾರಾಂಶ ಕಣಮ್ಮ. ಅಪ್ರೈಸಲ್ ಎಲ್ಲಿ?"

ನಾನು ಸುಮ್ಮನೆ ನಿಂತೆ.

"ಡಬಲ್ ಬ್ಲೈಂಡ್ ಹೌದು ಅಂತ ಬರೆದಿದ್ದೀಯ. ಆಯ್ತು. ಅದರಿಂದ ಏನಾಯ್ತು? ಯಾವ ಪುಟದಲ್ಲಿದೆ? ಅದು ಇಲ್ಲದೇ ಹೋಗಿದ್ದರೆ ರಿಸಲ್ಟ್ ಯಾವ ಕಡೆ ವಾಲುತ್ತಿತ್ತು?"

ಪೆನ್ ತೆಗೆದುಕೊಂಡು ಹಾಳೆಯ ಹಿಂದೆ ಮೂರು ಗೆರೆ ಎಳೆದರು. ಪ್ರಶ್ನೆ ಇದ್ದ ಕಾಲಂ ಹಾಗೇ ಇರಲಿ, ಅದರ ಪಕ್ಕ ಪೇಪರ್ ಏನು ಹೇಳುತ್ತದೆ, ಎಲ್ಲಿ ಹೇಳುತ್ತದೆ, ಅದರಿಂದ ಏನಾಗುತ್ತದೆ ಅಂತ ಮೂರು ಕಾಲಂ. ಕೊನೆಯ ಕಾಲಂ ತುಂಬೋಕೆ ಆಗದ ಸಾಲನ್ನು ಕಿತ್ತು ಹಾಕು ಅಂದರು. ಅಷ್ಟೇ ಹೇಳಿದ್ದು. ನನಗೆ ಅವತ್ತು ತುಂಬ ಬೇಜಾರಾಯಿತು. ಈಗ ನೋಡಿದರೆ ಒಂಬತ್ತು ದಿನದಲ್ಲಿ ಸಿಕ್ಕ ಅತಿ ಉಪಯೋಗದ ಮಾತು ಅದೇ, ವಿಶೇಷವಾಗಿ "ಎಲ್ಲಿ" ಅನ್ನುವ ಕಾಲಂ, ಯಾಕೆಂದರೆ ಪುಟದ ಸಂಖ್ಯೆ ಬರೆಯಲೇಬೇಕು ಅಂದಾಗ ಅಬ್‌ಸ್ಟ್ರಾಕ್ಟ್‌ನಿಂದ ಎತ್ತೋಕೆ ಆಗುವುದಿಲ್ಲ, ಮೆಥಡ್ಸ್ ಭಾಗಕ್ಕೆ ಹೋಗಿ ಬೆರಳಿಟ್ಟು ಹುಡುಕಲೇಬೇಕು.

ಹೀಗೆ ಹುಡುಕೋಕೆ ಶುರು ಮಾಡಿದ ಮೇಲೆ ಮೊದಲು ಸಿಕ್ಕಿದ್ದು ಹೋಲಿಕೆಯ ಸಾಲು. ಮೊದಲ ಡ್ರಾಫ್ಟಿನಲ್ಲಿ ನಾನು ಬರೀ "ಎನಲಾಪ್ರಿಲ್" ಅಂತ ಬರೆದಿದ್ದೆ. ಡೋಸ್ ಬರೆದಿರಲಿಲ್ಲ. ಅದು 10 ಎಂಜಿ, ದಿನಕ್ಕೆರಡು ಸಲ. ಗುರಿ ಇಟ್ಟುಕೊಂಡ ಡೋಸ್ ಅಷ್ಟೇ ಅಲ್ಲ, ರೋಗಿಗಳು ನಿಜವಾಗಿ ತೆಗೆದುಕೊಂಡ ಸರಾಸರಿಯೂ ದಿನಕ್ಕೆ 18.9 ಎಂಜಿ. ನಮ್ಮ ವಾರ್ಡಿನ ಕೇಸ್‌ಶೀಟ್‌ಗಳಲ್ಲಿ ನಾನು ಜಾಸ್ತಿ ನೋಡುವುದು 2.5 ಎಂಜಿ ಎರಡು ಸಲ. ಅಂದರೆ ಟ್ರಯಲ್‌ನಲ್ಲಿ ಹೊಸ ಮಾತ್ರೆ ಗೆದ್ದಿದ್ದು ಸರಿಯಾದ ಡೋಸಿನಲ್ಲಿದ್ದ ಎನಲಾಪ್ರಿಲ್ ಎದುರು. ಇದು ಟ್ರಯಲ್‌ಗೆ ಒಳ್ಳೆಯ ಮಾರ್ಕು. ಆದರೆ ಈ ಹೋಲಿಕೆಗೆ ಆಕ್ಷೇಪವೂ ಇದೆ: ಹೊಸ ಮಾತ್ರೆಯೊಳಗಿನ ವಲ್ಸಾರ್ಟನ್ ತನ್ನ ಪೂರ್ತಿ ಡೋಸಿಗೆ ಸಮ, ಎನಲಾಪ್ರಿಲ್ ಮಾತ್ರ ದಿನಕ್ಕೆ 20ಕ್ಕೇ ನಿಂತಿದೆ, 40ರವರೆಗೆ ಹೋಗಬಹುದಿತ್ತಲ್ಲ ಅಂತ. ಎನಲಾಪ್ರಿಲ್ ಸಾವು ಕಡಿಮೆ ಮಾಡುತ್ತದೆ ಅಂತ ತೋರಿಸಿದ ಹಳೆಯ ಟ್ರಯಲ್‌ಗಳಲ್ಲಿ ಕೂಡ ರೋಗಿಗಳು ತೆಗೆದುಕೊಂಡಿದ್ದು ಹೆಚ್ಚುಕಡಿಮೆ ಇದೇ ಮಟ್ಟದ ಡೋಸ್, ಹಾಗಾಗಿ ನಾನು ಇದನ್ನು ನ್ಯಾಯವಾದ ಹೋಲಿಕೆ ಅಂತಲೇ ಬರೆದೆ. ಎರಡೂ ವಾದ ಆ ಸಣ್ಣ ಚೌಕದಲ್ಲಿ ಹಿಡಿಸಬೇಕು, ಅದೇ ಕಷ್ಟ.

ನನ್ನನ್ನು ನಿಜವಾಗಿ ಸುಸ್ತು ಮಾಡಿದ್ದು ಬೇರೆ. ರೋಗಿಗಳ ಸಂಖ್ಯೆ.

"ಎಷ್ಟು ಜನ" ಅನ್ನುವ ಸಾಲು ಅತಿ ಸುಲಭ ಅಂತ ಕೊನೆಗೆ ಇಟ್ಟಿದ್ದೆ. ಐದನೇ ರಾತ್ರಿ ಹನ್ನೊಂದು ಗಂಟೆಗೆ ಅದನ್ನು ತುಂಬೋಕೆ ಕೂತರೆ, ಒಂದು ಕಡೆ 8442 ಅಂತಿದೆ, ಇನ್ನೊಂದು ಕಡೆ 8399 ಅಂತಿದೆ, ಚಿತ್ರದ ಮೇಲ್ಗಡೆ 10,521 ಅಂತಿದೆ. ಎರಡೂ ಗುಂಪು ಕೂಡಿಸಿದೆ, 4187 ಮತ್ತು 4212, 8399 ಬಂತು. ಹಾಗಾದರೆ 43 ಜನ ಎಲ್ಲಿ ಹೋದರು? ನಾನೇ ತಪ್ಪು ಓದುತ್ತಾ ಇದ್ದೇನೆ ಅಂತ ಕ್ಯಾಲ್ಕುಲೇಟರಿನಲ್ಲಿ ನಾಲ್ಕು ಸಲ ಕೂಡಿಸಿದೆ. ಪಕ್ಕದ ರೂಮಿನ ಸೀನಿಯರ್ ಅಕ್ಕ ಮ್ಯಾಗಿ ಮಾಡೋಕೆ ಬಂದವರು ನನ್ನ ಮುಖ ನೋಡಿ ಕೂತರು.

"ಫಿಗರ್ ಒಂದನ್ನು ಮೇಲಿನಿಂದ ಕೆಳಗೆ ಬೆರಳಿಟ್ಟು ಓದೇ. ಟೆಕ್ಸ್ಟ್ ಆಮೇಲೆ."

ಹಾಗೆ ಓದಿದಾಗ ಕಥೆ ಬಿಡಿಸಿಕೊಂಡಿತು. 43 ಜನರ ಲೆಕ್ಕ ಸಣ್ಣದು. ಆರು ಜನರ ರ‍್ಯಾಂಡಮೈಸೇಶನ್ನೇ ತಪ್ಪಾಗಿ ಆಗಿತ್ತು, 37 ಜನ ನಿಯಮ ಮುರಿದಿದ್ದಕ್ಕೆ ಮುಚ್ಚಿಸಿದ ನಾಲ್ಕು ಕೇಂದ್ರಗಳವರು. ಅವರನ್ನು ಬಿಟ್ಟು ಲೆಕ್ಕ ಹಾಕಿದ್ದಾರೆ, ಅದನ್ನು ಪೇಪರಿನಲ್ಲೇ ಒಪ್ಪಿಕೊಂಡಿದ್ದಾರೆ. ಗುಂಪಿಗೆ ಹಂಚಿದ ಎಲ್ಲರನ್ನೂ ಲೆಕ್ಕಕ್ಕೆ ಹಿಡಿಯಬೇಕು ಅನ್ನುವುದೇ ಇಂಟೆನ್ಶನ್ ಟು ಟ್ರೀಟ್, ಕಟ್ಟುನಿಟ್ಟಾಗಿ ನೋಡಿದರೆ ಇದು ಪೂರ್ತಿ ಹಾಗಿಲ್ಲ. ಆದರೆ 8442ರಲ್ಲಿ 43 ಜನ, ಅದೂ ಎರಡೂ ಗುಂಪಿನಿಂದ. ಇದರಿಂದ ಫಲಿತಾಂಶ ತಿರುಗುವುದಿಲ್ಲ. ಕೊನೆಯವರೆಗೂ ಪತ್ತೆ ಸಿಗದೇ ಹೋದವರು ಎರಡೂ ಕಡೆ ಸೇರಿ 20 ಜನ ಅಷ್ಟೇ. ಇಷ್ಟು ದೊಡ್ಡ ಟ್ರಯಲ್‌ಗೆ ಅದು ಏನೇನೂ ಅಲ್ಲ.

ದೊಡ್ಡ ಲೆಕ್ಕ ಅದರ ಮೇಲಿತ್ತು. 10,521 ಜನ ಟ್ರಯಲ್ ಬಾಗಿಲೊಳಗೆ ಬಂದರು. ಚೀಟಿ ಎತ್ತಿ ಗುಂಪು ಹಂಚುವ, ಅಂದರೆ ರ‍್ಯಾಂಡಮೈಸೇಶನ್ ಹಂತಕ್ಕೆ ಬಂದವರು 8442. ನಡುವೆ 2079 ಜನ ಇಲ್ಲ. ಐದರಲ್ಲಿ ಒಬ್ಬರು!

ಇದಕ್ಕೆ ರನ್-ಇನ್ ಅನ್ನುತ್ತಾರೆ. ರ‍್ಯಾಂಡಮೈಸೇಶನ್ ಮಾಡುವ ಮೊದಲು ಎಲ್ಲರಿಗೂ ಎರಡು ವಾರ ಎನಲಾಪ್ರಿಲ್ 10 ಎಂಜಿ ಎರಡು ಸಲ ಕೊಟ್ಟರು. ತಡೆದುಕೊಂಡವರಿಗೆ ಆಮೇಲೆ ನಾಲ್ಕರಿಂದ ಆರು ವಾರ ಹೊಸ ಮಾತ್ರೆ, ಮೊದಲು 100, ಆಮೇಲೆ 200 ಎಂಜಿ, ದಿನಕ್ಕೆರಡು ಸಲ. ಎರಡನ್ನೂ ತಡೆದುಕೊಂಡವರನ್ನು ಮಾತ್ರ ಚೀಟಿ ಎತ್ತೋಕೆ ಕಳಿಸಿದರು. ಎನಲಾಪ್ರಿಲ್ ಹಂತದಲ್ಲಿ 1102 ಜನ ಹೊರಗೆ ಹೋದರು, ಹೊಸ ಮಾತ್ರೆಯ ಹಂತದಲ್ಲಿ 977. ಇವರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನ ಹೋಗಿದ್ದು ಅಡ್ಡಪರಿಣಾಮದಿಂದ.

ಮದುವೆ ಊಟಕ್ಕೆ ಮೊದಲೇ ಎಲ್ಲರಿಗೂ ಒಂದು ತುತ್ತು ಕೊಟ್ಟು, ಖಾರ ಅಂದವರನ್ನು ಮನೆಗೆ ಕಳಿಸಿ, ಉಳಿದವರನ್ನು ಪಂಕ್ತಿಯಲ್ಲಿ ಕೂರಿಸಿ "ಖಾರ ಆಯ್ತಾ" ಅಂತ ಕೇಳಿದ ಹಾಗೆ ಇದು ಅಂದರು ಅಕ್ಕ, ಮ್ಯಾಗಿ ಕಲಕುತ್ತಾ. ನಾನು ನಕ್ಕೆ, ಆಮೇಲೆ ನನ್ನ ಟೇಬಲ್ ನೋಡಿಕೊಂಡೆ. ಅಡ್ಡಪರಿಣಾಮದ ಸಾಲಿನಲ್ಲಿ "ಚೆನ್ನಾಗಿ ತಡೆದುಕೊಂಡರು" ಅಂತ ಬರೆದುಬಿಟ್ಟಿದ್ದೆ.

ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ, ಯಾಕೆಂದರೆ ನಾನು ಉತ್ಸಾಹದಲ್ಲಿ ಮುಂದಿನ ಡ್ರಾಫ್ಟಿನಲ್ಲಿ "ರನ್-ಇನ್ ಇರುವುದರಿಂದ ಟ್ರಯಲ್ ನಂಬಲಿಕ್ಕಾಗದು" ಅಂತ ಬರೆದು ಮತ್ತೆ ಬೈಸಿಕೊಂಡೆ. ರನ್-ಇನ್ ಆಗಿದ್ದು ರ‍್ಯಾಂಡಮೈಸೇಶನ್‌ಗಿಂತ ಮೊದಲು. ಹಾಗಾಗಿ ಎರಡೂ ಗುಂಪು ಒಂದೇ ಥರದ ಜನರಿಂದಲೇ ಆಗಿವೆ, ಅವರ ನಡುವಿನ ಹೋಲಿಕೆ ಕೆಡುವುದಿಲ್ಲ. ಕೆಡುವುದು ಎರಡು. ಒಂದು, ಈ ಫಲಿತಾಂಶ ಯಾರಿಗೆ ಅನ್ವಯಿಸುತ್ತದೆ ಅನ್ನುವುದು. ಎರಡು, ಅಡ್ಡಪರಿಣಾಮದ ಶೇಕಡಾವಾರು. ಹಾಗಾಗಿ ರನ್-ಇನ್‌ನ ಮಾತು ರ‍್ಯಾಂಡಮೈಸೇಶನ್ ಸಾಲಿನಲ್ಲಿ ಬರಬಾರದು, "ಯಾರಿಗೆ ಅನ್ವಯ" ಮತ್ತು "ಅಡ್ಡಪರಿಣಾಮ" ಸಾಲುಗಳಲ್ಲಿ ಬರಬೇಕು. ಯಾವ ದೋಷ ಯಾವ ಸಾಲಿನಲ್ಲಿ ಕೂರಬೇಕು ಅನ್ನುವುದೇ ಈ ಟೇಬಲ್‌ನ ಅರ್ಧ ಕೆಲಸ.

ಮುಂದೆ ಫಲಿತಾಂಶದ ಸಾಲು. ಪ್ರೈಮರಿ ಔಟ್‌ಕಮ್ ಅಂದರೆ ಹೃದಯ-ರಕ್ತನಾಳದ ಕಾರಣದಿಂದ ಸಾವು, ಅಥವಾ ಹಾರ್ಟ್ ಫೇಲ್ಯೂರ್‌ಗೆ ಮೊದಲ ಸಲ ಆಸ್ಪತ್ರೆ ಸೇರುವುದು. ಇವೆರಡರಲ್ಲಿ ಯಾವುದು ಮೊದಲು ಆಗುತ್ತದೋ ಅದು. ಹೊಸ ಮಾತ್ರೆಯ ಗುಂಪಿನಲ್ಲಿ ಇದು 21.8% ಜನರಿಗೆ ಆಯಿತು, ಎನಲಾಪ್ರಿಲ್ ಗುಂಪಿನಲ್ಲಿ 26.5%. ಹ್ಯಾಜರ್ಡ್ ರೇಶಿಯೋ 0.80. ನಾನು ಧೈರ್ಯವಾಗಿ "20% ಕಡಿಮೆ" ಅಂತ ಬರೆದೆ. ಫಾರ್ಮಕಾಲಜಿ ಮೇಡಂ ಹತ್ತಿರ ತೋರಿಸೋಕೆ ಹೋದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "21.8ನ್ನು 26.5ರಿಂದ ಭಾಗಿಸು, ಎಷ್ಟು?" 0.82. "ಮತ್ತೆ 0.80 ಎಲ್ಲಿಂದ ಬಂತು?"

ನನಗೆ ಗೊತ್ತಿರಲಿಲ್ಲ. ಅವರು ಬಿಡಿಸಿ ಹೇಳಿದರು. 0.82 ಅನ್ನುವುದು ಟ್ರಯಲ್ ಮುಗಿದ ಮೇಲೆ ಎಷ್ಟು ಜನರಿಗೆ ಆಯಿತು ಅಂತ ತಲೆ ಎಣಿಸಿ ಮಾಡಿದ ಭಾಗಾಕಾರ. ಹ್ಯಾಜರ್ಡ್ ರೇಶಿಯೋ ಯಾವಾಗ ಆಯಿತು ಅನ್ನುವುದನ್ನೂ ಸೇರಿಸಿಕೊಳ್ಳುತ್ತದೆ, ಮಧ್ಯೆ ಲೆಕ್ಕದಿಂದ ಹೊರಗೆ ಹೋದವರನ್ನು ಅವರು ಇದ್ದಷ್ಟು ದಿನಕ್ಕೆ ಮಾತ್ರ ಎಣಿಸುತ್ತದೆ. ಎರಡೂ ಹತ್ತಿರ ಹತ್ತಿರ ಬರುತ್ತವೆ, ಒಂದೇ ಅಲ್ಲ. ಟೇಬಲ್‌ನಲ್ಲಿ ಹ್ಯಾಜರ್ಡ್ ರೇಶಿಯೋವನ್ನು ಪೇಪರ್ ಕೊಟ್ಟಂತೆ, ಅದರ 0.73ರಿಂದ 0.87ರ ವ್ಯಾಪ್ತಿ, ಅಂದರೆ ಕಾನ್ಫಿಡೆನ್ಸ್ ಇಂಟರ್ವಲ್ ಸಮೇತ ಬರಿ, ಪಕ್ಕದಲ್ಲಿ ನಿನ್ನ ಕೈಯಾರೆ ಮಾಡಿದ ಲೆಕ್ಕ ಬರಿ ಅಂದರು. ಆ ಕೈಲೆಕ್ಕ ಇಷ್ಟೇ:

```
1117 / 4212 = 26.5%
914 / 4187  = 21.8%
26.5 - 21.8 = 4.7
100 / 4.7   = 21.3
```

ಅಂದರೆ ಸುಮಾರು 21 ಜನರಿಗೆ ಎನಲಾಪ್ರಿಲ್ ಬದಲು ಹೊಸ ಮಾತ್ರೆ ಕೊಟ್ಟರೆ ಒಬ್ಬರಿಗೆ ಆ ಸಾವು ಅಥವಾ ಆಸ್ಪತ್ರೆವಾಸ ತಪ್ಪುತ್ತದೆ. ಈ ಸಂಖ್ಯೆಗೇ ಎನ್‌ಎನ್‌ಟಿ ಅನ್ನುತ್ತಾರೆ. ಪೇಪರ್ ಕೂಡ 21 ಅಂತಲೇ ಹೇಳುತ್ತದೆ. ಎನ್‌ಎನ್‌ಟಿಯನ್ನು ಯಾವಾಗಲೂ ಮೇಲಕ್ಕೇ ಏರಿಸಬೇಕು, 22 ಅಂತ ಬರೀಬೇಕು ಅಂತ ಹಠ ಮಾಡೋರೂ ಇದ್ದಾರೆ. ಆ ಜಗಳಕ್ಕೆ ಹೋಗಬೇಡಿ, ಆದರೆ ಒಂದನ್ನು ಮಾತ್ರ ಮರೆಯಬೇಡಿ: ಕಾಲ. ಈ 21 ಬಂದಿದ್ದು 27 ತಿಂಗಳ ಮೀಡಿಯನ್ ಫಾಲೋ-ಅಪ್‌ನಲ್ಲಿ. "21" ಅಂತ ಬರೀ ಸಂಖ್ಯೆ ಬರೆದರೆ ಅರ್ಥವೇ ಇಲ್ಲ, ಒಂದು ತಿಂಗಳಿಗೋ ಹತ್ತು ವರ್ಷಕ್ಕೋ ಯಾರಿಗೆ ಗೊತ್ತು.

ಇಂಥ ಜೋಡಿ ಔಟ್‌ಕಮ್ ಇದ್ದಾಗ ಇನ್ನೊಂದು ನೋಡಬೇಕು. ಆಸ್ಪತ್ರೆ ಸೇರುವುದು ಕಡಿಮೆಯಾಗಿ, ಸಾವು ಹಾಗೇ ಇದ್ದು, ಎರಡನ್ನೂ ಒಟ್ಟಿಗೆ ಕಟ್ಟಿ ಗೆದ್ದೆವು ಅಂದಿರಬಹುದು. ಇಲ್ಲಿ ಹಾಗಾಗಿಲ್ಲ. ಹೃದಯ ಸಂಬಂಧದ ಸಾವು 16.5%ರಿಂದ 13.3%ಕ್ಕೆ ಇಳಿದಿದೆ, ಯಾವುದೇ ಕಾರಣದ ಸಾವು 19.8%ರಿಂದ 17.0%ಕ್ಕೆ. ಸಾವು, ಆಸ್ಪತ್ರೆ ಸೇರುವುದು, ಎರಡೂ ಒಂದೇ ಕಡೆ ವಾಲಿವೆ. ನನ್ನ ಟೇಬಲ್‌ನಲ್ಲಿ ಟ್ರಯಲ್ ಪರವಾಗಿ ಅತಿ ಗಟ್ಟಿಯಾದ ಸಾಲು ಇದೇ.

ಮೇಡಂ ರೂಮಿನಿಂದ ಬಂದ ಮೇಲೆ, ಅದೇ ಕೈಲೆಕ್ಕವನ್ನು ಅಡ್ಡಪರಿಣಾಮಕ್ಕೂ ಮಾಡೋಣ ಅನ್ನಿಸಿತು. ತಲೆಸುತ್ತು ಬರುವಷ್ಟು ಬಿಪಿ ಇಳಿದವರು ಹೊಸ ಮಾತ್ರೆಯಲ್ಲಿ 14.0%, ಎನಲಾಪ್ರಿಲ್‌ನಲ್ಲಿ 9.2%. ವ್ಯತ್ಯಾಸ 4.8. ನೂರನ್ನು 4.8ರಿಂದ ಭಾಗಿಸಿದರೆ 20.8. ಅಂದರೆ 21! ಒಳ್ಳೆಯದಕ್ಕೂ 21, ಕೆಟ್ಟದ್ದಕ್ಕೂ 21. ಕ್ಯಾಂಟೀನಿನಲ್ಲಿ ಟೀ ಆರಿಹೋಗುವವರೆಗೆ ಆ ಎರಡು ಸಂಖ್ಯೆ ನೋಡುತ್ತಾ ಕೂತಿದ್ದೆ. ಆದರೆ ಎರಡೂ ಒಂದೇ ತೂಕದವಲ್ಲ. ಬಿಪಿ ಇಳಿದಿದ್ದಕ್ಕೆ ಮಾತ್ರೆಯನ್ನೇ ಬಿಟ್ಟವರು 0.9% ಮತ್ತು 0.7%, ಹೆಚ್ಚುಕಡಿಮೆ ಸಮ. ಕೆಮ್ಮು, ಕ್ರಿಯಾಟಿನಿನ್ ಏರುವುದು ಇವೆಲ್ಲ ಎನಲಾಪ್ರಿಲ್‌ನಲ್ಲೇ ಜಾಸ್ತಿ. ಒಂದು ಕಡೆ ತಲೆಸುತ್ತು, ಇನ್ನೊಂದು ಕಡೆ ಸಾವು ಅಥವಾ ಆಸ್ಪತ್ರೆ. ಸಂಖ್ಯೆ ಒಂದೇ ಬಂದ ಮಾತ್ರಕ್ಕೆ ಸರಿಸಮ ಅಂತ ಬರೆಯೋಕೆ ಬರುವುದಿಲ್ಲ.

ಮತ್ತೆ ಆ 14.0% ಯಾರಲ್ಲಿ? ಎರಡು ಸೋಸುಬುಟ್ಟಿ ದಾಟಿ ಬಂದವರಲ್ಲಿ. ಹಾಗಾಗಿ ನನ್ನ ಅಡ್ಡಪರಿಣಾಮದ ಸಾಲು ಕೊನೆಗೆ ಹೀಗಾಯಿತು: "ಬಿಪಿ ಇಳಿದು ತೊಂದರೆ 14.0% ಮತ್ತು 9.2%, ರನ್-ಇನ್ ದಾಟಿದವರಲ್ಲಿ ಮಾತ್ರ. ಅದಕ್ಕೂ ಮೊದಲು 10,521ರಲ್ಲಿ 2079 ಜನ ಹೊರಗೆ. ಹೊಸದಾಗಿ ಶುರು ಮಾಡುವ ರೋಗಿಯಲ್ಲಿ ಇದಕ್ಕಿಂತ ಜಾಸ್ತಿ ಇರಬಹುದು." ಇಷ್ಟು ಬರೆಯೋಕೆ ಆರು ದಿನ.

ಉಳಿದ ಸಾಲುಗಳು ಬೇಗ ಆದವು. ಟ್ರಯಲ್ ನಿಗದಿಗಿಂತ ಮೊದಲೇ ನಿಂತಿತ್ತು, ಮೂರನೇ ಮಧ್ಯಂತರ ಲೆಕ್ಕದಲ್ಲಿ ಲಾಭ ಸ್ಪಷ್ಟವಾಗಿದೆ ಅಂತ. ಮೊದಲೇ ನಿಲ್ಲಿಸಿದ ಟ್ರಯಲ್‌ಗಳಲ್ಲಿ ಲಾಭ ಇದ್ದುದಕ್ಕಿಂತ ದೊಡ್ಡದಾಗಿ ಕಾಣುವ ಅಪಾಯ ಇರುತ್ತದೆ. ಆ ಅಪಾಯ ಘಟನೆಗಳು ಕಡಿಮೆ ಇದ್ದಾಗ ಜಾಸ್ತಿ. ಇಲ್ಲಿ 914 ಮತ್ತು 1117 ಕೂಡಿಸಿದರೆ 2031 ಘಟನೆ. ಅಷ್ಟಿದ್ದಾಗ ಹೆದರಿಕೆ ಕಡಿಮೆ, ಹಾಗೆಂದೇ ಬರೆದೆ. ದುಡ್ಡು ಹಾಕಿದ್ದು ಮಾತ್ರೆ ತಯಾರಿಸುವ ನೊವಾರ್ಟಿಸ್. ಇದನ್ನು ಬರೆಯಲೇಬೇಕು, ಆದರೆ "ಕಂಪನಿ ದುಡ್ಡು, ಆದ್ದರಿಂದ ಸುಳ್ಳು" ಅಂತ ಬರೆದರೆ ಅದು ಅಪ್ರೈಸಲ್ ಅಲ್ಲ. ಕಂಪನಿಗೆ ಅನುಕೂಲವಾಗುವ ಹಾಗೆ ಏನನ್ನು ಆಯ್ಕೆ ಮಾಡಿದ್ದಾರೆ ಅಂತ ತೋರಿಸಬೇಕು. ನನ್ನ ಪ್ರಕಾರ ಅದು ರನ್-ಇನ್. ಸರ್ ಒಪ್ಪಲಿಲ್ಲ, ದೊಡ್ಡ ಹಾರ್ಟ್ ಫೇಲ್ಯೂರ್ ಟ್ರಯಲ್‌ಗಳಲ್ಲಿ ರನ್-ಇನ್ ಹೊಸದೇನಲ್ಲ ಅಂದರು. ಟೇಬಲ್‌ನಲ್ಲಿ ನನ್ನ ಮಾತೇ ಉಳಿಯಿತು.

ಈಗ ಯಾರೂ ಹೇಳದ ಕಷ್ಟ: ಒಂದು ಪುಟ. ಎಂಟನೇ ದಿನ ಟೇಬಲ್ ಒಂದೂ ಕಾಲು ಪುಟ ಆಗಿತ್ತು. ನಾನು ಅಕ್ಷರವನ್ನು 7 ಪಾಯಿಂಟ್‌ಗೆ ಇಳಿಸಿದೆ. ಸರ್ ಹಾಳೆಯನ್ನು ಕೈ ಚಾಚಿ ದೂರ ಹಿಡಿದು, ಕನ್ನಡಕ ಮೇಲೆತ್ತಿ, ಏನೂ ಹೇಳದೆ ವಾಪಸ್ ಕೊಟ್ಟರು. ಸರಿ, 9 ಪಾಯಿಂಟ್. ಕಿತ್ತು ಹಾಕಿದ್ದು ಏನು ಅಂದರೆ, ಮಾತ್ರೆ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ ಅನ್ನುವ ಸಾಲು (ಅದು ಅಪ್ರೈಸಲ್ ಅಲ್ಲ, ಪಾಠ), ಸಬ್‌ಗ್ರೂಪ್‌ಗಳ ಪಟ್ಟಿ, ಮತ್ತು ಪಿ ವ್ಯಾಲ್ಯೂಗಳು, ಯಾಕೆಂದರೆ ಕಾನ್ಫಿಡೆನ್ಸ್ ಇಂಟರ್ವಲ್ ಇದ್ದಲ್ಲಿ ಅವು ಹೊಸದೇನೂ ಹೇಳುವುದಿಲ್ಲ. ಸುತ್ತ ಮಾರ್ಜಿನ್ 1.5 ಸೆಂಟಿಮೀಟರ್ ಮಾಡಿದೆ. ಹಿಡಿಯಿತು.

ಆದರೂ ಪ್ರಿಂಟ್ ಕೊಟ್ಟರೆ ಎರಡು ಪುಟ ಬರುತ್ತಿತ್ತು, ಎರಡನೆಯದು ಪೂರ್ತಿ ಖಾಲಿ! ಜೆರಾಕ್ಸ್ ಅಂಗಡಿಯಲ್ಲಿ ಇಪ್ಪತ್ತೆರಡು ಪ್ರತಿ ಹೇಳಿದ್ದೆ, ಮಧ್ಯೆ ಮಧ್ಯೆ ಖಾಲಿ ಹಾಳೆ ಸೇರಿ ನಲವತ್ತನಾಲ್ಕು ಬಂತು. ಅಂಗಡಿಯ ಅಣ್ಣನೇ ಕಾರಣ ತೋರಿಸಿದರು. ವರ್ಡ್‌ನಲ್ಲಿ ಟೇಬಲ್ ಮುಗಿದ ಮೇಲೆ ಒಂದು ಖಾಲಿ ಪ್ಯಾರಾ ಇದ್ದೇ ಇರುತ್ತದೆ, ಅದನ್ನು ಅಳಿಸೋಕೆ ಆಗುವುದಿಲ್ಲ. ಟೇಬಲ್ ಪುಟದ ತಳದವರೆಗೆ ಬಂದರೆ ಆ ಪ್ಯಾರಾ ಮುಂದಿನ ಪುಟಕ್ಕೆ ಜಾರುತ್ತದೆ. ಕರ್ಸರ್ ಅಲ್ಲಿಟ್ಟು ಅಕ್ಷರದ ಗಾತ್ರ 1 ಮಾಡಿ, ಆ ಪ್ಯಾರಾದ ಹಿಂದೆ ಮುಂದೆ ಇರುವ ಜಾಗ ಸೊನ್ನೆ ಮಾಡಿದರೆ ಮೇಲಕ್ಕೆ ಬರುತ್ತದೆ. "ಮೇಡಂ, ಖಾಲಿ ಹಾಳೆ ವಾಪಸ್ ಇಟ್ಕೊಳ್ತೀನಿ, ಅದರ ದುಡ್ಡು ಬೇಡ" ಅಂದರು. ಒಟ್ಟು ಖರ್ಚು, ಆರು ಡ್ರಾಫ್ಟ್ ಸೇರಿ, 120 ರೂಪಾಯಿ. ಅದರಲ್ಲಿ 40 ಟೀಗೆ.

ನಿನ್ನೆ ಬೆಳಿಗ್ಗೆ ಎಂಟಕ್ಕೆ ಹಾಳೆ ಹಂಚಿದೆ. ಹದಿನೈದು ನಿಮಿಷ ಮಾತಾಡಿದೆ. ರನ್-ಇನ್ ಸಾಲಿಗೆ ಬಂದಾಗ ಎಲ್ಲರೂ ತಲೆ ಎತ್ತಿದರು, ಅದೊಂದು ಖುಷಿ. ಮುಗಿದ ಮೇಲೆ ಎಚ್‌ಒಡಿ ಸರ್ ಕೇಳಿದ್ದು ಪೇಪರ್ ಬಗ್ಗೆ ಅಲ್ಲ.

"ನಿಮ್ಮ ಯೂನಿಟ್‌ನಲ್ಲಿ ಮೊನ್ನೆ ಅಡ್ಮಿಟ್ ಆದ ಅಜ್ಜಿ ಇದ್ದಾರಲ್ಲ, ಕಾಲು ಊತ, ಬಿಪಿ 96. ಈ ಟೇಬಲ್ ಪ್ರಕಾರ ಇವತ್ತು ಶುರು ಮಾಡ್ತೀಯಾ?"

ನಾನು ಹಾಳೆಯ ಮೊದಲ ಸಾಲಿಗೆ ಹೋದೆ. ಟ್ರಯಲ್‌ಗೆ ಸೇರುವಾಗ ಮೇಲಿನ ಬಿಪಿ ಕನಿಷ್ಠ 100 ಇರಬೇಕಿತ್ತು, ಚೀಟಿ ಎತ್ತುವ ಹೊತ್ತಿಗೆ ಕನಿಷ್ಠ 95. ಅಜ್ಜಿಯ 96 ಎರಡನೆಯದಕ್ಕೆ ಹೊಂದುತ್ತದೆ, ಆದರೆ ಅಲ್ಲಿಗೆ ಬರಬೇಕಾದರೆ ಮೊದಲನೆಯದನ್ನು ದಾಟಿ, ಎರಡು ಮಾತ್ರೆಯ ರನ್-ಇನ್ ಮುಗಿಸಿರಬೇಕು. ಮತ್ತೆ ಅಲ್ಲಿದ್ದವರು ಒಪಿಡಿಗೆ ನಡೆದು ಬರುತ್ತಿದ್ದ ರೋಗಿಗಳು, ಸರಾಸರಿ ವಯಸ್ಸು 64, ಹೆಂಗಸರು ಐದರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು, ಹತ್ತರಲ್ಲಿ ಏಳು ಜನರಿಗೆ ತೊಂದರೆ ಸಣ್ಣ ಮಟ್ಟದ್ದು. "ಈ ಪೇಪರ್ ಹಿಡಿದು ಇವತ್ತೇ ಶುರು ಮಾಡೋಕೆ ಆಗಲ್ಲ ಸರ್, ಊತ ಇಳಿದು ಬಿಪಿ ನಿಂತ ಮೇಲೆ ಕಡಿಮೆ ಡೋಸ್‌ನಲ್ಲಿ ನೋಡಬಹುದು" ಅಂದೆ. ಮೂಲೆಯಿಂದ ಯಾರೋ ರೇಟಿನ ಬಗ್ಗೆ ಕೇಳಿದರು. ಅದನ್ನು ಟೇಬಲ್‌ನಲ್ಲಿ ಹಾಕಿದ್ದೆ: ಭಾರತದಲ್ಲಿ 2023ರ ಜನವರಿಯಲ್ಲಿ ಪೇಟೆಂಟ್ ಮುಗಿದು ಜೆನೆರಿಕ್‌ಗಳು ಬಂದ ಮೇಲೆ ಬೆಲೆ ಇಳಿದಿದೆ, 2014ರಲ್ಲಿ ಓದಿದವರಿಗೆ ಇದ್ದ ಅಡ್ಡಿ ಈಗ ಅಷ್ಟಿಲ್ಲ ಅಂತ.

ಎಚ್‌ಒಡಿ ಸರ್ ತಲೆ ಆಡಿಸಿದರು. ಹೊರಗೆ ಬರುವಾಗ ಗೈಡ್ ಸರ್ ಕೈಗೆ ಇನ್ನೊಂದು ಹಾಳೆ ಕೊಟ್ಟರು, ಅದರ ಮೇಲೆ ಪೆನ್ನಿನಲ್ಲಿ ಬರೆದಿತ್ತು: PIONEER-HF, 2019. ಇದೇ ಮಾತ್ರೆ, ಆದರೆ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿರುವಾಗಲೇ ಶುರು ಮಾಡಿದ್ದು. ಪ್ರೈಮರಿ ಔಟ್‌ಕಮ್ ಸಾವಲ್ಲ, ರಕ್ತಪರೀಕ್ಷೆಯ ಒಂದು ಸಂಖ್ಯೆ. "ಅಜ್ಜಿ ಡಿಸ್ಚಾರ್ಜ್ ಆಗೋದರೊಳಗೆ ಓದು" ಅಂದರು. ರಾತ್ರಿ ಪ್ರೋಟೋಕಾಲ್ ಮತ್ತು ಅಪೆಂಡಿಕ್ಸ್ ಎರಡನ್ನೂ ಮೊದಲೇ ಇಳಿಸಿಟ್ಟುಕೊಂಡೆ.